ನಿಲ್ಲುವ ಸೀರೆ, ಇಳಿಯುವ ಸೀರೆ: ಉಡುಪಿ ಹತ್ತಿಯಿಂದ ಜಾರ್ಜೆಟ್‌ವರೆಗೆ

ಮೊಬೈಲಿನಲ್ಲಿ ಸೀರೆ ನೋಡುವವರಿಗೆ ‘ಹಗುರವಾದ ಸೀರೆ’ ಎಂಬ ಮಾತು ಚಿರಪರಿಚಿತ. ಜಾರ್ಜೆಟ್ಟೂ ಹಗುರ, ಮಲ್ ಕಾಟನ್ ಕೂಡ ಹಗುರ, ಆರ್ಗಂಜಾವೂ ಹಗುರ. ಉಟ್ಟು ನೋಡಿದರೆ ಮಾತ್ರ ಮೂರರದ್ದು ಮೂರು ದಾರಿ. ಆರ್ಗಂಜಾದ ನೆರಿಗೆ ಮುಂದಕ್ಕೆ ಚಾಚಿ ನಿಲ್ಲುತ್ತದೆ, ಮಲ್ ಮೈಗೆ ಒರಗುತ್ತದೆ, ಜಾರ್ಜೆಟ್ ಸೊಂಟದಿಂದ ನೇರವಾಗಿ ಪಾದದ ಮೇಲೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಒಳ್ಳೆಯ ಮೈಸೂರು ರೇಷ್ಮೆ ಸೀರೆಯನ್ನು ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ, ಆದರೂ ಅದರ ನೆರಿಗೆ ಗರಿಗರಿಯಾದ ಹತ್ತಿ ಸೀರೆಯ ನೆರಿಗೆಗಿಂತ ಎಷ್ಟೋ ಸಲೀಸಾಗಿ ಇಳಿಯುತ್ತದೆ.

ಆದ್ದರಿಂದ ಸೀರೆಯ ತೂಕವೊಂದನ್ನೇ ಕೇಳಿ ಅದು ಮೈಮೇಲೆ ಹೇಗೆ ಕೂರುತ್ತದೆ ಎಂದು ಊಹಿಸಲು ಹೋದರೆ ಅರ್ಧ ಸಲ ತಪ್ಪುತ್ತದೆ. ಬಟ್ಟೆಯನ್ನು ಕೆಳಕ್ಕೆ ಎಳೆಯುವುದು ತೂಕ. ಬಾಗಲು ಒಪ್ಪದೆ ತಡೆಯುವುದು ಅದರ ಬಿಗಿ. ಸೀರೆಯ ಇಳಿತ ಎಂದರೆ ಈ ಎರಡರ ನಡುವಿನ ಜಗ್ಗಾಟ. ಉಡುಪಿಯಲ್ಲಿ ಸೀರೆಗಳನ್ನು ತೋರಿಸುವುದು, ಅವುಗಳ ವಿವರಣೆ ಬರೆಯುವುದು ನನ್ನ ಕೆಲಸ. ಗ್ರಾಹಕರಿಗೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ. ಇಲ್ಲಿ ಎರಡು ಸೀರೆಗಳನ್ನು ಎದುರುಬದುರು ಇಟ್ಟುಕೊಳ್ಳುತ್ತೇನೆ: ಗಂಜಿ ಹಾಕಿದ 80ರ ನೂಲಿನ ಉಡುಪಿ ಸೀರೆ ಮತ್ತು ಸಾದಾ ಪಾಲಿಯೆಸ್ಟರ್ ಜಾರ್ಜೆಟ್. ಇವೆರಡನ್ನು ಅರ್ಥ ಮಾಡಿಕೊಂಡರೆ ನಡುವಿನ ಬಟ್ಟೆಗಳು ಎಲ್ಲಿ ಬರುತ್ತವೆ ಎಂಬುದು ತಾನಾಗಿ ಹೊಳೆಯುತ್ತದೆ.

ತಕ್ಕಡಿ ಮತ್ತು ಸ್ಕೇಲು

ಮೊದಲು ತೂಕ. ಇಡೀ ಸೀರೆಯ ತೂಕಕ್ಕಿಂತ ಒಂದು ಚದರ ಮೀಟರಿನ ತೂಕ ಹೆಚ್ಚು ಉಪಯುಕ್ತ, ಏಕೆಂದರೆ ಸೀರೆಗಳ ಉದ್ದ ಅಗಲ ಒಂದೇ ಸಮನಾಗಿರುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ನನ್ನ ಮುಂದಿದ್ದ ಉಡುಪಿ ಸೀರೆ 5.5 ಮೀಟರ್ ಉದ್ದ, 1.17 ಮೀಟರ್ ಅಗಲ, ತೂಕ 530 ಗ್ರಾಂ. ಉದ್ದವನ್ನು ಅಗಲದಿಂದ ಗುಣಿಸಿ, ತೂಕವನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 82 ಗ್ರಾಂ ಬರುತ್ತದೆ. ಜಾರ್ಜೆಟ್ 5.5 ಮೀಟರ್ ಉದ್ದ, 1.12 ಮೀಟರ್ ಅಗಲ, 400 ಗ್ರಾಂ. ಅಂದರೆ ಚದರ ಮೀಟರಿಗೆ ಸುಮಾರು 65 ಗ್ರಾಂ. ರವಿಕೆಯ ಬಟ್ಟೆ ಸೀರೆಗೆ ಅಂಟಿಕೊಂಡೇ ಇದ್ದರೆ ಅದರ ಉದ್ದವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇದನ್ನು ಮರೆತರೆ ಸೀರೆ ಇರುವುದಕ್ಕಿಂತ ಭಾರವೆಂದು ಲೆಕ್ಕ ತೋರಿಸುತ್ತದೆ.

ತೂಕದಲ್ಲಿ ವ್ಯತ್ಯಾಸ ಕಾಲು ಭಾಗದಷ್ಟೇ. ಇನ್ನು ಬಿಗಿಯನ್ನು ನೋಡಬೇಕು. 1930ರಲ್ಲಿ ಎಫ್. ಟಿ. ಪಿಯರ್ಸ್ ಎಂಬ ಸಂಶೋಧಕರು ಇದನ್ನು ಅಳೆಯುವ ಸರಳ ವಿಧಾನವೊಂದನ್ನು ವಿವರಿಸಿದರು, ಬಟ್ಟೆ ಪ್ರಯೋಗಾಲಯಗಳು ಇಂದಿಗೂ ಅದನ್ನೇ ಬಳಸುತ್ತವೆ. ಬಟ್ಟೆಯ ಪಟ್ಟಿಯನ್ನು ಮೇಜಿನ ಅಂಚಿನಿಂದ ಆಚೆಗೆ ಮೆಲ್ಲನೆ ಸರಿಸುತ್ತಾ ಹೋಗುವುದು. ಅದರ ತುದಿ ತನ್ನ ಭಾರಕ್ಕೆ ಬಾಗಿ ಒಂದು ನಿಗದಿತ ಕೋನವನ್ನು ಮುಟ್ಟುವ ಹೊತ್ತಿಗೆ ಎಷ್ಟು ಉದ್ದ ಹೊರಗೆ ಬಂದಿದೆ ಎಂದು ಅಳೆಯುವುದು. ಉಪಕರಣದಲ್ಲಿ ಆ ಕೋನ 41.5 ಡಿಗ್ರಿ. ಮನೆಯಲ್ಲಿ ಚೌಕ ಕಾಗದವನ್ನು ಕರ್ಣಕ್ಕೆ ಮಡಚಿದರೆ ಸಿಗುವ 45 ಡಿಗ್ರಿಯೇ ಸಾಕು, ಎಲ್ಲ ಸೀರೆಗೂ ಅದೇ ಕಾಗದ ಬಳಸಿದರಾಯಿತು.

ಸೀರೆಯನ್ನು ಕತ್ತರಿಸುವ ಅಗತ್ಯವಿಲ್ಲ. ಸೆರಗಿನ ತುದಿಯನ್ನು ಬಿಟ್ಟು, ಒಳಗೆ ಸಿಕ್ಕಿಸುವ ತುದಿಯನ್ನು ಊಟದ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ. ಸೆರಗಿನಲ್ಲಿ ಹೆಚ್ಚುವರಿ ನೂಲೋ ಜರಿಯೋ ಇರುವುದರಿಂದ ಅದು ಒಡಲಿನ ಗುಣವನ್ನು ಹೇಳುವುದಿಲ್ಲ. ಬಟ್ಟೆಯ ಮೇಲೆ ಸ್ಕೇಲು ಇಟ್ಟು, ಸ್ಕೇಲನ್ನೂ ಬಟ್ಟೆಯನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿ. ಅಂಚುಗಳ ಕಡೆ ನೋಡದೆ ಅಗಲದ ನಡುಭಾಗವನ್ನು ನೋಡಿ. ಫ್ಯಾನು ಆರಿಸಿರಬೇಕು, ಜಾರ್ಜೆಟ್ ಅಷ್ಟು ಗಾಳಿಗೂ ಅಲ್ಲಾಡುತ್ತದೆ.

ನನ್ನ ಉಡುಪಿ ಸೀರೆ 6.5 ಸೆಂಟಿಮೀಟರ್ ಹೊರಬಂದ ಮೇಲೆ ಕೋನ ಮುಟ್ಟಿತು. ಜಾರ್ಜೆಟ್ 3 ಸೆಂಟಿಮೀಟರಿಗೇ ಇಳಿಬಿತ್ತು. ಒಂದು ಇನ್ನೊಂದರ ಎರಡು ಪಟ್ಟು ಎಂದು ಇಲ್ಲಿಗೇ ನಿಲ್ಲಿಸಿದರೆ ಚಿತ್ರ ಪೂರ್ತಿಯಾಗುವುದಿಲ್ಲ. ಬಟ್ಟೆಯ ಬಿಗಿ ಈ ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆ: ಉದ್ದವನ್ನು ಅದೇ ಉದ್ದದಿಂದ ಎರಡು ಸಲ ಗುಣಿಸಿ, ಬಂದದ್ದನ್ನು ಚದರ ಮೀಟರಿನ ತೂಕದಿಂದ ಮತ್ತೆ ಗುಣಿಸಬೇಕು. ಹಾಗೆ ಲೆಕ್ಕ ಹಾಕಿದರೆ ಹತ್ತಿ ಸೀರೆ ಜಾರ್ಜೆಟ್‌ಗಿಂತ ಸುಮಾರು 13 ಪಟ್ಟು ಬಿಗಿ. ತೂಕದಲ್ಲಿ ಕಾಲು ಭಾಗದ ವ್ಯತ್ಯಾಸ, ಬಿಗಿಯಲ್ಲಿ 13 ಪಟ್ಟು. ಕನ್ನಡಿಯಲ್ಲಿ ಕಾಣುವ ಅಂತರ ಹುಟ್ಟುವುದು ಈ ಎರಡನೆಯ ಸಂಖ್ಯೆಯಿಂದ.

ಹತ್ತಿ ಏಕೆ ನಿಲ್ಲುತ್ತದೆ

ಉಡುಪಿ ಸೀರೆ ಎಂದು ಕರೆಯುವುದು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೈಮಗ್ಗದ ಹತ್ತಿ ಸೀರೆಯನ್ನು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಸೀರೆಯನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಂಥ ಕಡೆ ಈಗಲೂ ನೇಯುತ್ತಾರೆ. ನೂಲಿನ ನಂಬರು ಇಲ್ಲಿ ಮುಖ್ಯ. ನಂಬರು ಏರಿದಷ್ಟೂ ನೂಲು ಸಣ್ಣ. 40ರ ನೂಲು ಒಂದು ಗ್ರಾಂಗೆ ಸುಮಾರು 68 ಮೀಟರ್ ಉದ್ದ ಬರುತ್ತದೆ, 80ರ ನೂಲು ಸುಮಾರು 135 ಮೀಟರ್. 40ರ ಸೀರೆ ದಪ್ಪ, ಬೆಳಕು ಹಾಯಿಸದ ಗಟ್ಟಿ ಬಟ್ಟೆ. 80ರದ್ದು ತೆಳು, ನಯ. ಎರಡಕ್ಕೂ ಗಂಜಿ ಇದ್ದಾಗ ಎರಡೂ ನಿಲ್ಲುತ್ತವೆ. ಗಂಜಿ ಹೋದ ಮೇಲೆ 40ರದ್ದು ಇನ್ನೂ ತನ್ನ ದಪ್ಪದ ಬಲದಿಂದ ನಿಂತಿರುತ್ತದೆ, 80ರದ್ದು ಮೈಗೆ ಒರಗುತ್ತದೆ.

ಗಂಜಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತಿಯ ಒಂದು ನೂಲೆಂದರೆ ಹತ್ತಾರು ಎಳೆಗಳ ಕಟ್ಟು. ನೂಲು ಬಾಗುವಾಗ ಎಳೆಗಳು ಒಂದರ ಮೇಲೊಂದು ಅಷ್ಟಿಷ್ಟು ಜಾರಿ ಜಾಗ ಮಾಡಿಕೊಳ್ಳುತ್ತವೆ, ಅದಕ್ಕೇ ಒಗೆದು ಹಳತಾದ ಹತ್ತಿ ಅಷ್ಟು ಮೃದು. ಗಂಜಿ ಒಣಗಿದಾಗ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಜಾರಲು ಆಗದ ಎಳೆಗಳೆಲ್ಲ ಸೇರಿ ಒಂದೇ ಕಡ್ಡಿಯಂತೆ ಬಾಗುವುದನ್ನು ತಡೆಯುತ್ತವೆ. ಬಟ್ಟೆಗೆ ಸೇರಿದ ತೂಕ ಅತ್ಯಲ್ಪ, ಬಿಗಿ ಮಾತ್ರ ಹಲವು ಪಟ್ಟು ಏರುತ್ತದೆ. ಅದೇ ಉಡುಪಿ ಸೀರೆಯನ್ನು ಒಗೆದು, ಗಂಜಿ ಹಾಕದೆ ಇಸ್ತ್ರಿ ಮಾಡಿ ಅಳೆದಾಗ ಹೊರಬಂದ ಉದ್ದ 4.5 ಸೆಂಟಿಮೀಟರಿಗೆ ಇಳಿದಿತ್ತು. ಘನದ ಲೆಕ್ಕದಲ್ಲಿ ಬಿಗಿ ಮೂರನೇ ಒಂದು ಭಾಗಕ್ಕೆ ಬಂದಿತು. ಅದೇ ಸೀರೆ, ಹೆಚ್ಚುಕಡಿಮೆ ಅದೇ ತೂಕ, ಆದರೆ ಉಟ್ಟಾಗ ಬೇರೆಯೇ ಸೀರೆ.

ನೆರಿಗೆಯಲ್ಲಿ ಬಾಗುವುದು ಯಾವ ನೂಲು ಎಂಬುದನ್ನೂ ಗಮನಿಸಬೇಕು. ಮಗ್ಗದಲ್ಲಿ ಹಾಸಿನ ನೂಲು ಸೀರೆಯ ಉದ್ದಕ್ಕೆ ಓಡುತ್ತದೆ. ಉಟ್ಟಾಗ ಆ ಉದ್ದ ಸೊಂಟದ ಸುತ್ತ ಅಡ್ಡಲಾಗಿ ಸುತ್ತಿಕೊಳ್ಳುತ್ತದೆ. ಆದ್ದರಿಂದ ಪ್ರತಿ ನೆರಿಗೆಯ ಮಡಿಕೆಯಲ್ಲೂ ಬಾಗುವುದು ಹಾಸಿನ ನೂಲು, ಮೇಲಿನಿಂದ ಕೆಳಕ್ಕೆ ತೂಗುವುದು ಹೊಕ್ಕಿನ ನೂಲು. ನೇಯುವ ಮೊದಲು ಗಂಜಿ ಕುಡಿಯುವುದೂ ಹಾಸಿನ ನೂಲೇ, ಇಲ್ಲವಾದರೆ ಅದು ಮಗ್ಗದ ಎಳೆತಕ್ಕೂ ಉಜ್ಜಿಗೂ ತಡೆಯುವುದಿಲ್ಲ. ಹೊಸ ಕೈಮಗ್ಗದ ಸೀರೆಯ ನೆರಿಗೆ ಅಷ್ಟು ಖಡಾಖಂಡಿತವಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅಂಚಿನ ನೂಲುಗಳೂ ಉದ್ದಕ್ಕೇ ಓಡುತ್ತವೆ. ಅಂಚು ದಟ್ಟವಾಗಿದ್ದರೆ ಅಥವಾ ಜರಿಯದ್ದಾಗಿದ್ದರೆ ಅದು ಪಾದದ ಸುತ್ತ ಬಳೆಯಂತೆ ನಿಂತು ನೆರಿಗೆಗಳ ಕೆಳತುದಿಯನ್ನು ಬಿಡಿಸಿ ಹಿಡಿಯುತ್ತದೆ. ಒಡಲು ಮೆತ್ತಗಿದ್ದರೂ ಅಂಚು ಬಿಗಿಯಾದ ಸೀರೆ ಕೆಳಗೆ ಅಗಲವಾಗಿ ಕಾಣುವುದು ಹೀಗೆ. ಸ್ಕೇಲಿನ ಪರೀಕ್ಷೆಯನ್ನು ಉದ್ದದ ದಿಕ್ಕಿನಲ್ಲೇ ಮಾಡಬೇಕಾದದ್ದೂ ಇದೇ ಕಾರಣಕ್ಕೆ.

ಮೈಮೇಲೆ ಇದರ ಪರಿಣಾಮಗಳು ಸ್ಪಷ್ಟ. ನೆರಿಗೆಗೆ ಉಳಿಯುವ ಬಟ್ಟೆ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಮೀಟರ್. ಗರಿಗರಿಯಾದ ಹತ್ತಿಯಲ್ಲಿ ಸುಮಾರು 14 ಸೆಂಟಿಮೀಟರ್ ಅಗಲದ ಐದು ನೆರಿಗೆ ಹಿಡಿದರೆ ಅಂದ. ಇನ್ನೂ ಸಣ್ಣದಾಗಿ ಏಳೆಂಟು ಹಿಡಿಯಲು ಹೋದರೆ ಪ್ರತಿ ಮಡಿಕೆಯೂ ತೆರೆದುಕೊಳ್ಳಲು ತಳ್ಳಿ, ಹೊಟ್ಟೆಯ ಮುಂದೆ ನೆರಿಗೆಯ ಕಟ್ಟು ಉಬ್ಬುತ್ತದೆ. ಹತ್ತಿ ಸೀರೆ ದಪ್ಪ ತೋರಿಸುತ್ತದೆ ಎಂಬ ದೂರು ಬಹುಪಾಲು ಇಂಥ ಸಣ್ಣ ನೆರಿಗೆಗಳಿಂದ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆರಗನ್ನು ಮಡಚಿ ಭುಜಕ್ಕೆ ಒಂದೇ ಪಿನ್ನು ಹಾಕಿದರೆ ಅದು ಗಂಟೆಗಟ್ಟಲೆ ಅಲ್ಲಿಯೇ ಇರುತ್ತದೆ. ಹಾಗೇ ಬಿಟ್ಟರೆ ತೋಳಿನ ಮೇಲೆ ಹಲಗೆಯಂತೆ ಚಾಚಿಕೊಳ್ಳುತ್ತದೆ, ನನಗೆ ಅದೂ ಇಷ್ಟ.

ಕರಾವಳಿಯಲ್ಲಿ ಹತ್ತಿಯ ಬಿಗಿಗೆ ದೊಡ್ಡ ಶತ್ರು ತೇವ. ಗಂಜಿ ಗಾಳಿಯ ನೀರನ್ನು ಹೀರುತ್ತದೆ, ಹತ್ತಿಯೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಗರಿಗರಿಯಾಗಿ ಉಟ್ಟ ಸೀರೆ ಮಧ್ಯಾಹ್ನದೊಳಗೆ ಸೋಲುತ್ತದೆ. ಆಮೇಲೆ ಕೂತೆದ್ದ ಜಾಗದಲ್ಲಿ ಮೂಡುವ ಸುಕ್ಕು ಹಾಗೆಯೇ ಉಳಿಯುತ್ತದೆ, ಏಕೆಂದರೆ ತೇವದಲ್ಲಿ ಮಡಚಿದ ಹತ್ತಿ ಆ ಮಡಿಕೆಯನ್ನೇ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಗಂಜಿ ಹಾಕುವವರು ಗಟ್ಟಿ ತಿಳಿ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಅಗುಳು ಉಳಿಯದಂತೆ ಬಟ್ಟೆಯಲ್ಲಿ ಸೋಸಬೇಕು. ಕೆಂಪು ಕುಚ್ಚಲಕ್ಕಿಯ ತಿಳಿ ಬಿಳಿ ಮತ್ತು ತಿಳಿಬಣ್ಣದ ಸೀರೆಗೆ ಛಾಯೆ ಹತ್ತಿಸಬಹುದು, ಅಂಥವಕ್ಕೆ ಬೆಳ್ತಿಗೆ ಅಕ್ಕಿಯ ತಿಳಿಯೇ ಸರಿ. ಮಳೆಗಾಲದಲ್ಲಿ ಸೀರೆ ನಿಧಾನವಾಗಿ ಒಣಗಿದರೆ ಗಂಜಿ ಹುಳಿತು ವಾಸನೆ ಬರುತ್ತದೆ, ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಆ ನಾಲ್ಕು ತಿಂಗಳು ಎತ್ತಿಡುವ ಸೀರೆಗಳನ್ನು ಗಂಜಿ ಇಲ್ಲದೆಯೇ ಎತ್ತಿಡುವುದು ಒಳ್ಳೆಯದು.

ಜಾರ್ಜೆಟ್ ಏಕೆ ಇಳಿಯುತ್ತದೆ

ಜಾರ್ಜೆಟ್‌ನ ಗುಟ್ಟು ನೂಲಿನ ಹುರಿಯಲ್ಲಿದೆ. ಹಾಸಿಗೂ ಹೊಕ್ಕಿಗೂ ತುಂಬ ಬಿಗಿಯಾಗಿ ಹುರಿಗೊಳಿಸಿದ ಸಣ್ಣ ನೂಲನ್ನು ಬಳಸುತ್ತಾರೆ. ಕೆಲವು ನೂಲು ಬಲಕ್ಕೆ, ಕೆಲವು ಎಡಕ್ಕೆ ಹುರಿಗೊಂಡಿರುತ್ತವೆ, ಅವನ್ನು ಒಂದು ಬಿಟ್ಟು ಒಂದರಂತೆ ಜೋಡಿಸುತ್ತಾರೆ. ನೇಯ್ದ ಬಟ್ಟೆಯನ್ನು ನೀರಿನಲ್ಲಿ ಹದಗೊಳಿಸಿದಾಗ ಪ್ರತಿ ನೂಲೂ ತನ್ನ ತನ್ನ ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ, ಬಟ್ಟೆಯ ಮೈ ರವೆಯಂತೆ ತರಿತರಿಯಾಗುತ್ತದೆ. ನೇಯ್ಗೆ ಸಡಿಲ. ನೂಲುಗಳು ದುಂಡಗೆ, ಗಟ್ಟಿಯಾಗಿ ಇರುವುದರಿಂದ ಅವು ಒಂದನ್ನೊಂದು ದಾಟುವಲ್ಲಿ ತಾಗುವುದು ಕಡಿಮೆ, ಅಲ್ಲಿ ಸುಲಭವಾಗಿ ಹೊರಳುತ್ತವೆ. ಹತ್ತಿಯಲ್ಲಿ ಗಂಜಿ ಏನನ್ನು ತಡೆಯಿತೋ ಆ ಚಲನೆ ಇಲ್ಲಿ ಪೂರ್ತಿ ಮುಕ್ತ.

ಈ ಮುಕ್ತತೆಯಿಂದ ಇನ್ನೊಂದು ಗುಣ ಬರುತ್ತದೆ. ಜಾರ್ಜೆಟ್‌ನ ಚೌಕ ತುಂಡೊಂದನ್ನು ಎದುರುಬದುರು ಮೂಲೆಗಳಲ್ಲಿ ಹಿಡಿದು ಎಳೆದರೆ ಅದು ಓರೆಯಾಗಿ ಹಿಗ್ಗುತ್ತದೆ. ಗಂಜಿ ಹಾಕಿದ ಹತ್ತಿ ಹೀಗೆ ಎಳೆದರೆ ಹಿಗ್ಗುವ ಬದಲು ಸುಕ್ಕುಗಟ್ಟುತ್ತದೆ. ಸೊಂಟದಿಂದ ಎಡ ಭುಜಕ್ಕೆ ಸೀರೆ ಏರುವುದು ಓರೆಯಾಗಿಯೇ ಆದ್ದರಿಂದ ಜಾರ್ಜೆಟ್ ಅಲ್ಲಿ ಮೈಯ ತಿರುವನ್ನು ಹಿಂಬಾಲಿಸುತ್ತದೆ, ಹತ್ತಿ ಮೈಯಿಂದ ಸ್ವಲ್ಪ ದೂರದಲ್ಲಿ ತನ್ನದೇ ನೇರ ಗೆರೆ ಎಳೆಯುತ್ತದೆ. ‘ಮೈಗೆ ಹೊಂದಿಕೊಳ್ಳುತ್ತದೆ’ ಎಂದು ಜಾರ್ಜೆಟ್ ಬಗ್ಗೆ ಹೇಳುವ ಮಾತಿನ ಹಿಂದಿರುವುದು ಮುಖ್ಯವಾಗಿ ಈ ಓರೆಯ ಹಿಗ್ಗು.

ನೆರಿಗೆ ಹಿಡಿಯುವಾಗ ಇಲ್ಲಿ ಲೆಕ್ಕ ತಿರುಗುಮುರುಗು. 10 ಸೆಂಟಿಮೀಟರಿನ ಏಳು ನೆರಿಗೆ ಸಲೀಸಾಗಿ ಕೂರುತ್ತವೆ. ಅಗಲ ನೆರಿಗೆ ಹಿಡಿದರೆ ನಡುವೆ ಬಟ್ಟೆ ಜೋತು ನೆರಿಗೆಯ ಗೆರೆಯೇ ಕಾಣದಂತಾಗುತ್ತದೆ. ಎಷ್ಟೇ ಒತ್ತಿ ಹಿಡಿದರೂ ಮಡಿಕೆ ಚೂಪಾಗಿ ಉಳಿಯುವುದಿಲ್ಲ, ದುಂಡಗಿನ ಕೊಳವೆಯಂತಾಗುತ್ತದೆ. ಸೆರಗು ನಿಲ್ಲಬೇಕಾದರೆ ಭುಜದಲ್ಲಿ ಒಂದು, ನೆರಿಗೆ ಸಿಕ್ಕಿಸಿದಲ್ಲಿ ಒಂದು ಪಿನ್ನು ಬೇಕೇ ಬೇಕು. ಪಿನ್ನಿನ ತಲೆಯ ಹತ್ತಿರ ನೂಲು ಸಿಕ್ಕಿಕೊಂಡು ಎಳೆ ಎದ್ದರೆ ಅದು ಮತ್ತೆ ಸರಿಹೋಗುವುದಿಲ್ಲ. ಪಿನ್ನಿನ ಸುರುಳಿಯ ಕಡೆಗೆ ಒಂದು ಮಣಿ ಪೋಣಿಸಿದರೆ ಬಟ್ಟೆ ಅಲ್ಲಿಗೆ ಹೋಗಿ ಸಿಕ್ಕುವುದಿಲ್ಲ. ಒಳಲಂಗ ಹತ್ತಿಯದ್ದಾದರೆ ಸೀರೆಯನ್ನು ಹಿಡಿದಿಡುತ್ತದೆ, ಸ್ಯಾಟಿನ್ ಆದರೆ ಸೀರೆ ಚೆನ್ನಾಗಿ ಇಳಿಯುತ್ತದೆ ಆದರೆ ಸೊಂಟದಿಂದಲೂ ಜಾರುತ್ತದೆ. ನಾನು ಹತ್ತಿ ಲಂಗವನ್ನೇ ಹೇಳುತ್ತೇನೆ.

ಜಾರ್ಜೆಟ್ ಕೊಳ್ಳುವಾಗ ಹೆಚ್ಚು ಎಡವುವುದು ಕಸೂತಿ ಮತ್ತು ಮಣಿಯ ಅಂಚಿನಲ್ಲಿ. ಒಡಲು 400 ಗ್ರಾಂ ಇದ್ದು ಅಂಚಿಗೆ ಮತ್ತೆ 300 ಗ್ರಾಂ ಮಣಿ ಹೊಲಿದಿದ್ದರೆ ಒಟ್ಟು ತೂಕ 700 ಗ್ರಾಂ ಎಂದಷ್ಟೇ ಅಂಗಡಿಯವರು ಹೇಳುತ್ತಾರೆ. ಆ 300 ಗ್ರಾಂ ಎಲ್ಲಿದೆ ಎಂಬುದು ಮುಖ್ಯ. ಅದು ಅಂಚಿನುದ್ದಕ್ಕೂ ಇದ್ದರೆ ನೆರಿಗೆಯನ್ನು ಕೆಳಕ್ಕೆ ಎಳೆದು ಚೆನ್ನಾಗಿ ನೇರ ಮಾಡುತ್ತದೆ. ಸೆರಗಿನಲ್ಲೇ ತುಂಬಿದ್ದರೆ ಭುಜದ ಪಿನ್ನನ್ನು ಹಿಂದಕ್ಕೆ ಜಗ್ಗುತ್ತದೆ, ಎದೆಯ ಮೇಲಿನ ಬಟ್ಟೆ ಓರೆಯಾಗಿ ಹಿಗ್ಗುತ್ತದೆ, ಎರಡು ಗಂಟೆಯೊಳಗೆ ಮುಂದಿನ ನೆರಿಗೆಯೂ ಎಡಕ್ಕೆ ವಾಲುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು. ಸೆರಗನ್ನು ಭುಜದ ಮೇಲೆ ಹಾಕಿ ಕೈ ಬಿಡಿ. ಪಿನ್ನಿಲ್ಲದೆ ಅದು ತಕ್ಷಣ ಹಿಂದಕ್ಕೆ ಓಡಿದರೆ ದಿನವಿಡೀ ಪಿನ್ನಿನ ಮೇಲೆ ಅದೇ ಎಳೆತ ಇರುತ್ತದೆ ಎಂದೇ ಅರ್ಥ.

ನಡುವಿನವು

ಮಲ್ ಕಾಟನ್ ಹತ್ತಿಯೇ ಆದರೂ ಸಣ್ಣ ನೂಲಿನ ಸಡಿಲ ನೇಯ್ಗೆ, ಗಂಜಿ ಇಲ್ಲ. ನನ್ನ ಮೇಜಿನಲ್ಲಿ ಅದು ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರಿನ ಆಸುಪಾಸಿನಲ್ಲಿ ಇಳಿಬೀಳುತ್ತದೆ. ಜಾರ್ಜೆಟ್‌ನಂತೆ ಇಳಿಯುತ್ತದೆ ಎಂದು ಅದನ್ನು ಮಾರುವುದನ್ನು ನಾನು ಒಪ್ಪುವುದಿಲ್ಲ. ಮಲ್ ಒರಗುತ್ತದೆ, ಆದರೆ ಜಾರುವುದಿಲ್ಲ, ಹತ್ತಿಯ ಎಳೆಗಳ ತರಿ ಒಳಲಂಗವನ್ನು ಹಿಡಿದುಕೊಳ್ಳುತ್ತದೆ. ಸುಕ್ಕು ಮಾತ್ರ ಬೇಗ.

ಮೈಸೂರು ರೇಷ್ಮೆಯೂ ಹುರಿಗೊಳಿಸಿದ ನೂಲಿನ ಕ್ರೇಪ್, ಅಂದರೆ ಜಾರ್ಜೆಟ್‌ನ ಹತ್ತಿರದ ಸಂಬಂಧಿ, ಆದರೆ ಹೆಚ್ಚು ದಟ್ಟ. ಅದರ ಭಾರ ನೆರಿಗೆಯನ್ನು ಕೆಳಕ್ಕೆ ಎಳೆಯುತ್ತದೆ, ಬಿಗಿ ಕಡಿಮೆ ಇರುವುದರಿಂದ ತಡೆಯುವವರಿಲ್ಲ. ಜಾರ್ಜೆಟ್ ಗಾಳಿಗೆ ಹಾರಿದರೆ ಇದು ಅಲುಗಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮಲ್ಪೆಯ ಕಡಲ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳಲು ಯಾವ ಸೀರೆ ಎಂದು ಕೇಳುವವರಿಗೆ ಈ ವ್ಯತ್ಯಾಸ ದೊಡ್ಡದು. ಹಾರುವ ಸೆರಗು ಬೇಕಾದರೆ ಜಾರ್ಜೆಟ್, ಇಳಿದ ನೆರಿಗೆ ಇಳಿದೇ ಇರಬೇಕಾದರೆ ಕ್ರೇಪ್. ಆರ್ಗಂಜಾ ಈ ಸಾಲಿನ ಇನ್ನೊಂದು ತುದಿ: ತೂಕ ಎಲ್ಲಕ್ಕಿಂತ ಕಡಿಮೆ, ಬಿಗಿ ಗಂಜಿ ಹತ್ತಿಯಷ್ಟು ಅಥವಾ ಇನ್ನೂ ಹೆಚ್ಚು.

ಜುಲೈ ತಿಂಗಳಿಗೊಂದು ಸೀರೆ

ಉಡುಪಿಯ ಕಾಲೇಜು ಉಪನ್ಯಾಸಕಿಯೊಬ್ಬರು ಕೇಳಿದ್ದು ಇದು: “ಅಕ್ಕ, ಬೆಳಿಗ್ಗೆ ಬಸ್ಸು, ಆಮೇಲೆ ಮೂರು ತರಗತಿ, ಸಂಜೆ ಒಂದು ಸನ್ಮಾನ ಸಮಾರಂಭದಲ್ಲಿ ವೇದಿಕೆ ಮೇಲೆ ಕೂರಬೇಕು. ನಡುವೆ ಮನೆಗೆ ಬರಲು ಆಗುವುದಿಲ್ಲ. ಉಡುಪಿ ಸೀರೆಯೇ ಉಡಬೇಕೆಂದು ಆಸೆ.” ತಿಂಗಳು ಜುಲೈ. ಎತ್ತರ ಐದಡಿ ಎರಡಂಗುಲ.

ಮೇಲಿನ ಎರಡೂ ಸೀರೆಗಳನ್ನು ಅವರ ಮುಂದಿಟ್ಟು ದಿನವನ್ನು ಗಂಟೆಗಳ ಲೆಕ್ಕದಲ್ಲಿ ಯೋಚಿಸಿದೆವು. ಗಂಜಿ ಹಾಕಿದ ಉಡುಪಿ ಸೀರೆ ಬೆಳಿಗ್ಗೆ ಎಂಟಕ್ಕೆ ಅತ್ಯಂತ ಚೆಂದ. ಬಸ್ಸಿನಲ್ಲಿ ಕೂತಾಗ ಮಂಡಿಯ ಹಿಂದೆ, ತೊಡೆಯ ಮೇಲೆ ಮಡಿಕೆ ಬೀಳುತ್ತದೆ. ಮಳೆಯಲ್ಲಿ ಅಂಚು ಒದ್ದೆಯಾದರೆ ಹತ್ತಿ ನೀರನ್ನು ಮೇಲಕ್ಕೆ ಹೀರಿ, ಪಾದದಿಂದ ಒಂದು ಗೇಣು ಎತ್ತರದವರೆಗೆ ಗಂಜಿ ಕರಗಿ ಬಟ್ಟೆ ಸೋಲುತ್ತದೆ. ಮೇಲೆ ಬಿಗಿ, ಕೆಳಗೆ ಮೆತ್ತಗೆ ಆದ ನೆರಿಗೆ ಮೊಣಕಾಲಿನ ಕೆಳಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಸಂಜೆಯ ವೇದಿಕೆಯ ಹೊತ್ತಿಗೆ ಬೆಳಗಿನ ಸೀರೆ ಉಳಿದಿರುವುದಿಲ್ಲ. ಗಂಜಿಯಿಲ್ಲದೆ ಉಟ್ಟರೆ ಈ ಅಸಮತೆ ತಪ್ಪುತ್ತದೆ, ಆದರೆ ಸುಕ್ಕು ತಪ್ಪುವುದಿಲ್ಲ.

ಪಾಲಿಯೆಸ್ಟರ್ ಜಾರ್ಜೆಟ್ ನೀರನ್ನು ಬಹುತೇಕ ಹೀರುವುದೇ ಇಲ್ಲ. ಅಂಚು ಒದ್ದೆಯಾದರೆ ಆ ಕ್ಷಣ ಕಾಲಿಗೆ ಅಂಟುತ್ತದೆ, ಕೊಡವಿದರೆ ಫ್ಯಾನಿನ ಕೆಳಗೆ ಬೇಗನೆ ಒಣಗುತ್ತದೆ. ಬಿಗಿ ಹುರಿಯ ನೂಲು ಮಡಿಕೆಯಿಂದ ಚಿಮ್ಮಿ ಹಿಂದಿರುಗುವುದರಿಂದ ಬಸ್ಸಿನ ಸುಕ್ಕು ಸಂಜೆಯವರೆಗೆ ಉಳಿಯುವುದಿಲ್ಲ. ಇದರ ಕೊರತೆ ಬೆವರು. ಬಟ್ಟೆ ಬೆವರನ್ನು ಹೀರುವುದಿಲ್ಲ, ಒಳಗಿನ ರವಿಕೆಯಾದರೂ ಹತ್ತಿಯದ್ದಿರಬೇಕು.

ಉಡುಪಿ ಸೀರೆಯ ಮೇಲೆ ನನಗಿರುವ ಪ್ರೀತಿ ಕಡಿಮೆಯೇನಲ್ಲ. ಆದರೂ ಜುಲೈಗೆ ಸಾದಾ ಜಾರ್ಜೆಟ್ ಒಯ್ಯಿರಿ, ಏಳು ನೆರಿಗೆ, ಎರಡು ಪಿನ್ನು, ಹತ್ತಿ ಲಂಗ ಎಂದೇ ಹೇಳಿದೆ. ಅದೇ ದಿನಚರಿ ಡಿಸೆಂಬರ್‌ನಲ್ಲಿ ಬಂದರೆ ಉತ್ತರ ಬೇರೆ: ಒಣಗಾಳಿಯಲ್ಲಿ ಗಂಜಿ ಸಂಜೆಯವರೆಗೂ ಹಿಡಿದಿರುತ್ತದೆ, ವೇದಿಕೆಯ ಮೇಲೆ ಐದು ಅಗಲ ನೆರಿಗೆಯ 80ರ ಉಡುಪಿ ಸೀರೆಗೆ ಸಾಟಿಯಿಲ್ಲ. ಅವರು ಸ್ವಲ್ಪ ಕುಳ್ಳಗಿರುವುದರಿಂದ ದೊಡ್ಡ ಅಂಚಿನ ಹತ್ತಿ ಸೀರೆ ಬೇಡ, ಎರಡು ಬೆರಳಗಲದ ಅಂಚು ಸಾಕು ಎಂದೂ ಸೇರಿಸಿದೆ. ಬಿಗಿ ಅಂಚು ಕೆಳಗೆ ಅಗಲವಾಗಿ ನಿಂತರೆ ಎತ್ತರ ಇನ್ನೂ ಕಡಿಮೆ ಕಾಣುತ್ತದೆ.

ಬರೆಯುವಾಗ

ಸೀರೆಯ ಇಳಿತವನ್ನು ಬೇರೆಯವರಿಗೆ ಹೇಳಬೇಕಾದಾಗ ಹೊಗಳಿಕೆಯ ಪದ ಹುಡುಕುವ ಬದಲು ಬಟ್ಟೆ ಏನು ಮಾಡುತ್ತದೆ ಎಂದು ಬರೆಯಬೇಕು. ನಾನು ಕಣ್ಣು ಹಾಯಿಸುವುದು ಕೆಲವೇ ಜಾಗಗಳಿಗೆ. ನೆರಿಗೆಯ ಮಡಿಕೆ ಚೂಪೋ ದುಂಡಗೋ? ಅಂಚು ಪಾದದಿಂದ ದೂರ ನಿಂತಿದೆಯೋ, ಪಾದದ ಮೇಲೆ ಕುಳಿತಿದೆಯೋ? ಸೊಂಟದಿಂದ ಭುಜಕ್ಕೆ ಏರುವ ಗೆರೆ ನೇರವೋ, ಮೈಯನ್ನು ಹಿಂಬಾಲಿಸುತ್ತದೆಯೋ? ಬಿಟ್ಟ ಸೆರಗು ತೋಳಿನ ಮೇಲೆ ಚಾಚುತ್ತದೆಯೋ, ಬೆನ್ನಿನ ಮೇಲೆ ಬೀಳುತ್ತದೆಯೋ? ಇಷ್ಟಾದ ಮೇಲೆ ಎಲ್ಲರೂ ಬಿಟ್ಟುಬಿಡುವ ಒಂದು ಪ್ರಶ್ನೆ: ಒಂದು ಗಂಟೆ ಕೂತು ಎದ್ದ ಮೇಲೆ ಇವುಗಳಲ್ಲಿ ಯಾವುದು ಬದಲಾಗಿದೆ?

ಈ ಉತ್ತರಗಳನ್ನು ಜೋಡಿಸಿದರೆ ಉಡುಪಿ ಸೀರೆಯ ವಿವರಣೆ ಹೀಗಾಗುತ್ತದೆ: “80ರ ನೂಲಿನ ಕೈಮಗ್ಗದ ಹತ್ತಿ, 530 ಗ್ರಾಂ. ಗಂಜಿಯೊಂದಿಗೆ ನೆರಿಗೆ ಚೂಪಾಗಿ ನಿಲ್ಲುತ್ತದೆ, ಅಂಚು ಪಾದದಿಂದ ಸ್ವಲ್ಪ ಮುಂದಕ್ಕೆ ಇರುತ್ತದೆ. ಐದು ಅಗಲ ನೆರಿಗೆ ಸಾಕು. ಸೆರಗಿಗೆ ಒಂದೇ ಪಿನ್ನು. ಕೂತಲ್ಲಿ ಸುಕ್ಕು ಉಳಿಯುತ್ತದೆ. ಮೊದಲ ಒಗೆತದ ನಂತರ ಗಂಜಿ ಹಾಕದಿದ್ದರೆ ಮೃದುವಾಗಿ ಮೈಗೆ ಒರಗುತ್ತದೆ.” ಜಾರ್ಜೆಟ್‌ಗೆ: “ಸಾದಾ ಪಾಲಿಯೆಸ್ಟರ್ ಜಾರ್ಜೆಟ್, 400 ಗ್ರಾಂ. ನೆರಿಗೆ ದುಂಡಗಾಗಿ ನೇರ ಇಳಿಯುತ್ತದೆ, ಅಂಚು ಪಾದದ ಮೇಲೆ ಕೂರುತ್ತದೆ. ಎದೆ ಮತ್ತು ಸೊಂಟದಲ್ಲಿ ಮೈಯ ಆಕಾರ ತೋರುತ್ತದೆ. ಸೆರಗು ಜಾರುವುದರಿಂದ ಎರಡು ಪಿನ್ನು ಬೇಕು. ಸುಕ್ಕು ನಿಲ್ಲುವುದಿಲ್ಲ. ತೆಳುವಾದ್ದರಿಂದ ಒಳಲಂಗ ಅದೇ ಬಣ್ಣದ್ದಿರಲಿ.” ಸುಕ್ಕು, ಜಾರುವಿಕೆಯಂಥ ಕೊರತೆಗಳನ್ನು ಬರೆದರೆ ಮಾರಾಟ ಕಡಿಮೆಯಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ಕೊಳ್ಳುವವರು ಅದನ್ನು ಉಟ್ಟ ಮೊದಲ ದಿನವೇ ಕಂಡುಕೊಳ್ಳುತ್ತಾರೆ, ಮೊದಲೇ ಹೇಳಿದ್ದರೆ ಸೀರೆ ವಾಪಸು ಬರುವುದಿಲ್ಲ.

ಫೋಟೊಗಳಲ್ಲಿ ಮಡಚಿಟ್ಟ ಸೀರೆ ಇಳಿತದ ಬಗ್ಗೆ ಏನೂ ಹೇಳುವುದಿಲ್ಲ. ಬೊಂಬೆಗೆ ಉಡಿಸಿದ ಸೀರೆಯೂ ಅಷ್ಟೇ, ಹಿಂದುಗಡೆ ಹತ್ತು ಪಿನ್ನು ಇರುತ್ತವೆ. ದೂರದಿಂದ ಕೊಳ್ಳುವವರು ಅಂಗಡಿಯವರನ್ನು ಮೂರು ವಿಷಯ ಕೇಳಬಹುದು: ರವಿಕೆಯ ಬಟ್ಟೆ ಸೇರಿಸಿ ಉದ್ದ, ಅಗಲ ಮತ್ತು ತೂಕ ಎಷ್ಟು, ಒಳತುದಿಯನ್ನು ಮೇಜಿನ ಅಂಚಿನಿಂದ ಐದು ಸೆಂಟಿಮೀಟರ್ ಹೊರಗೆ ತಳ್ಳಿ ಪಕ್ಕದಿಂದ ತೆಗೆದ ಒಂದು ಫೋಟೊ, ಮತ್ತು ಉಟ್ಟವರನ್ನು ಎದುರಿನಿಂದಲ್ಲದೆ ಪಕ್ಕದಿಂದ ತೆಗೆದ ಇನ್ನೊಂದು. ಮೇಜಿನ ಫೋಟೊದಲ್ಲಿ ಬಟ್ಟೆ ಇನ್ನೂ ಅಡ್ಡಲಾಗಿ ಚಾಚಿದ್ದರೆ ನಿಲ್ಲುವ ಸೀರೆ. ಮೇಜಿನ ಬದಿಗೆ ಅಂಟಿಕೊಂಡು ನೇರ ಕೆಳಗೆ ನೋಡುತ್ತಿದ್ದರೆ, ಚೀಟಿಯ ಮೇಲೆ ಏನೇ ಬರೆದಿರಲಿ, ಅದು ಇಳಿಯುವ ಸೀರೆ.